ಎರಡನೇ ಸೈಟು ಹಿಡಿಯುವ ಮೊದಲು: ಗೋವೆಯಲ್ಲಿರುವ ನಮ್ಮ ವೈರಿಂಗ್, ಪ್ಲಂಬಿಂಗ್ ತಮ್ಮಂದಿರಿಗೆ ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬಂದು ವಾಸ್ಕೋದ ಬೈನಾ, ಜುವಾರಿನಗರ, ಮಡಗಾವಿನ ಮೋತಿಡೋಂಗರ, ಚಿಂಬೆಲ್, ಮಾಪ್ಸಾಗಳಲ್ಲಿ ನೆಲೆ ನಿಂತಿರುವ ನಿಮಗೆ ಈ ಪತ್ರ. ನಾನೂ ಘಟ್ಟ ಇಳಿದು ಬಂದವನೇ, ವೈರಿಂಗ್ ಗುತ್ತಿಗೆ ಮಾಡಿಕೊಂಡಿದ್ದೇನೆ. ನಮ್ಮ ಮೊದಲ ತಲೆಮಾರು ಇಲ್ಲಿ ಬಂದರಿನಲ್ಲಿ, ರಸ್ತೆಯಲ್ಲಿ, ಕೊಂಕಣ ರೈಲಿನ ಕೆಲಸದಲ್ಲಿ ಮಣ್ಣು ಹೊತ್ತಿತು. ಅವರ ಮಕ್ಕಳಾದ ನೀವು ಟೆಸ್ಟರ್, ಪೈಪ್ ಪಾನಾ ಹಿಡಿದಿರಿ. ಮೋಪಾ ವಿಮಾನ ನಿಲ್ದಾಣ ಶುರುವಾದ ಮೇಲೆ ಪೆರ್ನೆಮ್, ಬಾರ್ದೇಸ್ ತಾಲ್ಲೂಕುಗಳಲ್ಲಿ ಕಟ್ಟುವ ಮನೆಗಳಿಗೆ ಕೆಲಸಗಾರರು ಸಾಲುತ್ತಿಲ್ಲ. ನಿಮ್ಮಲ್ಲಿ ಹಲವರು ಈಗ ಹೆಲ್ಪರ್ ಇಟ್ಟುಕೊಂಡು ಸ್ವಂತ ಕೆಲಸ ಹಿಡಿಯುತ್ತಿದ್ದೀರಿ. ಒಂದು ಸೈಟು ಚೆನ್ನಾಗಿ ಮುಗಿಯುತ್ತದೆ. ಎರಡನೆಯದು, ಮೂರನೆಯದು ಹಿಡಿದ ವರ್ಷವೇ ಸಾಲ ಏರುತ್ತದೆ. ಕೈಕೆಲಸ ಮೊದಲಿನಷ್ಟೇ ಚೆನ್ನಾಗಿರುತ್ತದೆ, ಆದರೂ ಹೀಗೇಕಾಗುತ್ತದೆ ಎಂಬುದೇ ಈ ಪತ್ರದ ವಿಷಯ.

ಒಂದು ಮನೆಯ ಲೆಕ್ಕವನ್ನೇ ಹಿಡಿಯೋಣ. ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತವೆ. ಇಲ್ಲಿರುವುದು ಲೆಕ್ಕದ ದಾರಿ ತೋರಿಸಲು ನಾನು ಹಿಡಿದ ಅಂಕಿಗಳು, ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಸಿಯೋಲಿಮ್ ಕಡೆ ಎರಡು ಅಂತಸ್ತಿನ ಮನೆ, 150 ಪಾಯಿಂಟ್. ಸಾಮಾನು ಮಾಲೀಕನದು, ಕೂಲಿ ಮಾತ್ರ ನಿಮ್ಮದು. ಪಾಯಿಂಟಿಗೆ 450 ರೂಪಾಯಿಯಂತೆ ಒಪ್ಪಿದ್ದೀರಿ, ಒಟ್ಟು 67,500. ನೀವು ಮತ್ತು ಇಬ್ಬರು ಹೆಲ್ಪರ್. ಎರಡು ಸ್ಲ್ಯಾಬಿನ ಪೈಪಿಂಗಿಗೆ 4 ದಿನ, ಗೋಡೆ ಕೊರೆದು ಪೈಪು, ಬಾಕ್ಸು ಕೂರಿಸಲು 11 ದಿನ, ವೈರು ಎಳೆಯಲು 6 ದಿನ, ಸ್ವಿಚ್ಚು, ಲೈಟು, ಡಿಬಿ ಫಿಟ್ಟಿಂಗ್ ಮುಗಿಸಿ ಟೆಸ್ಟ್ ಮಾಡಲು 7 ದಿನ. ಒಟ್ಟು 28 ದಿನ. ಹೆಲ್ಪರಿಗೆ ದಿನಕ್ಕೆ 700ರಂತೆ ಇಬ್ಬರಿಗೆ 39,200 ಹೋಯಿತು. ನಿಮ್ಮ ಕೈಯಲ್ಲಿ 28,300 ಉಳಿಯಿತು.

ಇದನ್ನು ನಾವು ಲಾಭ ಎನ್ನುತ್ತೇವೆ. ಆದರೆ ಆ 28 ದಿನ ನೀವೇ ನಿಂತು ವೈರು ಎಳೆದಿದ್ದೀರಿ. ಬೇರೆ ಕಂತ್ರಾಟುದಾರನ ಬಳಿ ಹೋಗಿದ್ದರೆ ನಿಮ್ಮಂಥ ವೈರ್‌ಮನ್‌ಗೆ ದಿನಕ್ಕೆ 1,000 ಪಗಾರ ಸಿಗುತ್ತಿತ್ತು ಎನ್ನೋಣ. ಅದೇ 28,000 ಆಯಿತು. ಅಂದರೆ ಈ ಕಂತ್ರಾಟಿನ ಲಾಭ 300 ರೂಪಾಯಿ. ಕಟರ್ ಬ್ಲೇಡು, ಡ್ರಿಲ್ ಬಿಟ್ಟು, ಗಾಡಿಯ ಪೆಟ್ರೋಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅವು ಸೇರಿದರೆ ನೀವು ನಷ್ಟದಲ್ಲಿದ್ದೀರಿ, ಆದರೆ ನಿಮ್ಮ ಸ್ವಂತ ಪಗಾರ ಆ ನಷ್ಟವನ್ನು ಮುಚ್ಚಿಟ್ಟಿದೆ.

ಒಂದೇ ಸೈಟು ಇರುವವರೆಗೆ ಇದು ಗೊತ್ತಾಗುವುದಿಲ್ಲ. ಎರಡನೇ ಸೈಟು ಹಿಡಿದ ದಿನ ನೀವು ಎರಡು ಕಡೆ ನಿಲ್ಲಲಾರಿರಿ. ಮೊದಲನೇ ಸೈಟಿಗೆ ಇನ್ನೊಬ್ಬ ವೈರ್‌ಮನ್‌ನನ್ನು ಇಡುತ್ತೀರಿ. ಅಲ್ಲಿಯವರೆಗೆ ನಿಮ್ಮ ಮನೆ ನಡೆಸುತ್ತಿದ್ದ ಆ 28,000 ಈಗ ಅವನ ಮನೆಗೆ ಹೋಗುತ್ತದೆ. ಸೈಟು ಎರಡಾಯಿತು, ಮನೆಗೆ ಬರುವುದು ಕಡಿಮೆಯಾಯಿತು. ಮೂರನೆಯದು ಹಿಡಿದರೆ ಸರಿಹೋದೀತು ಎಂದುಕೊಂಡು ಅದನ್ನೂ ಹಿಡಿಯುತ್ತೇವೆ. ಕೈ ತುಂಬ ಕೆಲಸವಿದ್ದ ಹುಡುಗರು ಮುಳುಗುವುದು ಈ ಜಾಗದಲ್ಲಿ.

ಆದ್ದರಿಂದ ದರ ಹೇಳುವಾಗ ನೀವು ಆ ಸೈಟಿನಲ್ಲಿ ಕೈ ಹಚ್ಚುವುದೇ ಇಲ್ಲ ಎಂದು ತಿಳಿದು ಲೆಕ್ಕ ಹಾಕಿ. ಅದೇ ಮನೆಯನ್ನು ಮತ್ತೆ ನೋಡಿ. ಒಬ್ಬ ವೈರ್‌ಮನ್, ಇಬ್ಬರು ಹೆಲ್ಪರ್, ದಿನಕ್ಕೆ 2,400. 28 ದಿನಕ್ಕೆ 67,200. ಸೈಟಿಗೆ ಹೋದ ಮೇಲೆ ಸ್ಲ್ಯಾಬ್ ಮುಂದಕ್ಕೆ ಹೋಗಿದೆ, ಪ್ಲಾಸ್ಟರಿನವರು ಮುಗಿಸಿಲ್ಲ ಎಂದು ಮೂವರೂ ತಿರುಗಿ ಬರುವ ದಿನಗಳು ಇದ್ದೇ ಇರುತ್ತವೆ. ಅಂಥ 3 ದಿನಕ್ಕೆ 7,200. ಬ್ಲೇಡು, ಬಿಟ್ಟು, ಪೆಟ್ರೋಲು, ಮಷಿನ್ ರಿಪೇರಿಗೆ 5,000. ನೀವು ನಡುನಡುವೆ ಹೋಗಿ ನೋಡುವ, ಅಳತೆ ಬರೆಯುವ, ಮಾಲೀಕನೊಂದಿಗೆ ಕೂರುವ ಹೊತ್ತಿಗೆ 6,000. ಇಲ್ಲಿಗೆ 85,400. ಇದು ಬರೀ ಖರ್ಚು. ಮುರಿದದ್ದು, ಮತ್ತೆ ಮಾಡಿಕೊಡಬೇಕಾದದ್ದು, ವಸೂಲಾಗದೇ ಉಳಿದದ್ದು, ಇವೆಲ್ಲ ಹೋಗಿ ನಿಮಗೊಂದಿಷ್ಟು ಉಳಿಯಬೇಕಾದರೆ ಶೇ 15 ಸೇರಿಸಿ. 98,210 ಆಯಿತು. 150ರಿಂದ ಭಾಗಿಸಿದರೆ ಪಾಯಿಂಟಿಗೆ 655.

450 ಕೊಡುವ ಊರಿನಲ್ಲಿ 655 ಯಾರು ಕೊಡುತ್ತಾರೆ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಪಾಯಿಂಟ್ ಎಂದರೆ ಯಾವುದು ಎಂಬುದರಲ್ಲಿದೆ. ಬಾಯಿಮಾತಿನಲ್ಲಿ ಒಪ್ಪಿದಾಗ ಬಾತ್‌ರೂಮಿನ ಒಂದು ಲೈಟೂ ಒಂದು ಪಾಯಿಂಟು, ಡಿಬಿಯಿಂದ ನೇರ ದಪ್ಪ ವೈರು ಎಳೆಯಬೇಕಾದ ಎಸಿಯೂ ಒಂದು ಪಾಯಿಂಟು. ಮೀಟರಿನಿಂದ ಡಿಬಿಗೆ ಬರುವ ಮೇನ್ ಲೈನು, ಡಿಬಿ ಕಟ್ಟುವುದು, ಅರ್ಥಿಂಗ್ ಗುಂಡಿ ತೋಡುವುದು, ಇವೆಲ್ಲ ಅದರೊಳಗೇ ಬಿಟ್ಟಿಯಾಗಿ ಹೋಗುತ್ತವೆ. ಗೋವೆಯ ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ತೋಡುವ ಕಷ್ಟ ನಿಮಗೆ ಬೇರೆ ಹೇಳಬೇಕಿಲ್ಲ. ಅದೇ ಮನೆಯಲ್ಲಿ ಎಸಿ, ಗೀಸರ್, ಓವನ್ ಸೇರಿ 14 ಪವರ್ ಪಾಯಿಂಟ್ ಇವೆ ಎನ್ನಿ. ಅವಕ್ಕೆ ತಲಾ 1,000 ಹಾಕಿ, 14,000. ಮೇನ್ ಲೈನು, ಡಿಬಿ, ಅರ್ಥಿಂಗ್ ಬೇರೆ ಬರೆದು 15,000. ಉಳಿದ 136 ಪಾಯಿಂಟಿಗೆ 500ರಂತೆ 68,000. ಒಟ್ಟು 97,000. ಪಾಯಿಂಟಿಗೆ 655 ಎಂದರೆ ಎದ್ದು ಹೋಗುವ ಮಾಲೀಕ ಹೀಗೆ ಬಿಡಿಬಿಡಿಯಾಗಿ ಬರೆದ ಕಾಗದವನ್ನು ಕೂತು ಓದುತ್ತಾನೆ, ಏಕೆಂದರೆ ಯಾವುದಕ್ಕೆ ಎಷ್ಟು ಎಂದು ಅವನಿಗೆ ಕಾಣುತ್ತದೆ. ಎಲ್ಲರೂ ಒಪ್ಪುವುದಿಲ್ಲ. ಖರ್ಚು ಹುಟ್ಟದ ದರಕ್ಕೇ ಬೇಕು ಎನ್ನುವವರ ಮನೆಯನ್ನು ಬಿಟ್ಟುಬಿಡಿ. ಅಂಥ ಸೈಟಿನಲ್ಲಿ ದುಡಿಯುವುದಕ್ಕಿಂತ ಪಗಾರದ ಮೇಲೆ ಬೇರೆಯವರ ಬಳಿ ಹೋಗುವುದು ಮೇಲು.

ಪ್ಲಂಬಿಂಗ್ ತಮ್ಮಂದಿರಿಗೂ ಇದೇ ಮಾತು. ನೀವು ಬಾತ್‌ರೂಮಿಗೆ ಇಷ್ಟು ಎಂದು ಒಪ್ಪುತ್ತೀರಿ. ಆ ಬಾತ್‌ರೂಮಿನಲ್ಲಿ ಗೋಡೆಯೊಳಗಿನ ಡೈವರ್ಟರ್ ಇದೆಯೇ, ಗೋಡೆಗೆ ತೂಗುವ ಕಮೋಡೇ ನೆಲದ್ದೇ, ಟೆರೇಸಿನ ಟ್ಯಾಂಕಿನಿಂದ ಬರುವ ಲೈನು, ಹೊರಗಿನ ಚೇಂಬರು, ಸೆಪ್ಟಿಕ್ ಟ್ಯಾಂಕಿನವರೆಗಿನ ಪೈಪು ಯಾರ ಲೆಕ್ಕದಲ್ಲಿ ಎಂದು ಬರೆಯದಿದ್ದರೆ ಎಲ್ಲವೂ ನಿಮ್ಮ ಲೆಕ್ಕವೇ.

ಇನ್ನು ಹಣ ಬರುವ ಕ್ರಮ. ಲಾಭ ಇದ್ದೂ ಕೈಯಲ್ಲಿ ರೊಕ್ಕ ಇಲ್ಲದೆ ಕೆಲಸ ನಿಲ್ಲಿಸಿದವರು ನಮ್ಮಲ್ಲಿ ಬಹಳ. ಮೇಲಿನ 28 ದಿನಗಳನ್ನೇ ಮತ್ತೆ ನೋಡಿ. ಸ್ಲ್ಯಾಬಿನ 4, ಗೋಡೆಯ 11 ಸೇರಿ 15 ದಿನ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಕೂಲಿ ಖರ್ಚಾಗಿರುತ್ತದೆ. ಆದರೆ ಮಾಲೀಕನ ಕಣ್ಣಿಗೆ ಆಗ ಕಾಣುವುದು ಕೊರೆದ ಗೋಡೆ ಮತ್ತು ಖಾಲಿ ಬಾಕ್ಸು. ಒಂದು ಬಲ್ಬೂ ಹತ್ತಿಲ್ಲ, ಈಗಲೇ ಏನು ದುಡ್ಡು ಎನ್ನುತ್ತಾನೆ. ಪ್ಲಾಸ್ಟರು, ಟೈಲ್ಸು, ಮೊದಲ ಕೋಟು ಬಣ್ಣ ಮುಗಿಯುವವರೆಗೆ ನಿಮ್ಮನ್ನು ಯಾರೂ ಕರೆಯುವುದಿಲ್ಲ. ನಡುವೆ ಎರಡು ಮೂರು ತಿಂಗಳು ಹೋಗಬಹುದು, ಮಳೆಗಾಲ ಸಿಕ್ಕಿದರೆ ಇನ್ನೂ ಹೆಚ್ಚು. ಅಷ್ಟು ದಿನ ನಿಮ್ಮ ದುಡ್ಡು ಅವನ ಗೋಡೆಯೊಳಗೆ ಕೂತಿರುತ್ತದೆ.

ನಾನು ಬರೆಯುವ ಕ್ರಮ ಹೀಗಿದೆ: ಕೆಲಸ ಶುರುವಿಗೆ ಶೇ 15, ಎರಡನೇ ಸ್ಲ್ಯಾಬಿಗೆ ಶೇ 15, ಬಾಕ್ಸು ಕೂರಿಸಿ ಪ್ಲಾಸ್ಟರಿಗೆ ಬಿಟ್ಟುಕೊಡುವ ಮೊದಲು ಶೇ 35, ವೈರು ಎಳೆದ ಮೇಲೆ ಶೇ 20, ಫಿಟ್ಟಿಂಗ್ ಮುಗಿದಾಗ ಶೇ 10, ಎಲ್ಲ ಟೆಸ್ಟ್ ಆಗಿ ಒಂದು ತಿಂಗಳ ನಂತರ ಶೇ 5. ಪ್ಲಾಸ್ಟರಿನ ಹೊತ್ತಿಗೆ ಶೇ 65 ಬಂದಿರುತ್ತದೆ, ಹಾಗಾಗಿ ಆ ಖಾಲಿ ತಿಂಗಳುಗಳಲ್ಲಿ ಉಸಿರಾಡಬಹುದು. ಕೊನೆಗೆ ಉಳಿಸುವ ಮೊತ್ತ ಚಿಕ್ಕದಿರಲಿ. ಮಾಲೀಕ ದಿಲ್ಲಿಯಲ್ಲೋ ಮುಂಬೈಯಲ್ಲೋ ಇರುವ ಮನೆಗಳಲ್ಲಿ ಕೀಲಿ ಕೊಟ್ಟ ಮೇಲೆ ದೊಡ್ಡ ಬಾಕಿ ವಸೂಲಾಗುವುದು ಕಷ್ಟ.

ಅಪಾಯ ಬಂದಿದೆ ಎಂದು ತಿಳಿಯಲು ಒಂದೇ ಗುರುತು ಸಾಕು. ಹೊಸ ಸೈಟಿನ ಮುಂಗಡದಿಂದ ಹಳೇ ಸೈಟಿನ ಹುಡುಗರಿಗೆ ವಾರದ ಬಟವಾಡೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಹಳೇ ಸೈಟು ಆಗಲೇ ನಷ್ಟದಲ್ಲಿದೆ, ಅಥವಾ ಅಲ್ಲಿಯ ಬಾಕಿ ನಿಂತಿದೆ. ಆಗ ಮಾಡಬೇಕಾದದ್ದು ಇನ್ನೊಂದು ಮುಂಗಡ ಹುಡುಕುವುದಲ್ಲ, ಹಳೇ ಸೈಟಿನ ಮಾಲೀಕನ ಮುಂದೆ ಅಳತೆ ಪುಸ್ತಕ ಇಟ್ಟು ಬಾಕಿ ಕೇಳುವುದು. ಈ ಗುರುತು ಕಾಣಬೇಕಾದರೆ ಸೈಟಿಗೊಂದು ವಹಿ ಇರಬೇಕು, ಮನೆಖರ್ಚಿನ ಖಾತೆಯಿಂದ ಬೇರೆಯಾದ ಬ್ಯಾಂಕ್ ಖಾತೆ ಇರಬೇಕು. ಕಂಪನಿಗಳು ಹಣ ಕೊಡುವಾಗ ನಿಮ್ಮಂಥ ಒಬ್ಬಂಟಿ ಕಂತ್ರಾಟುದಾರನ ಬಿಲ್ಲಿನಿಂದ ಶೇ 1 ಟಿಡಿಎಸ್ ಹಿಡಿಯುತ್ತವೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುವ ನಿಮ್ಮದೇ ಹಣ. ರಿಟರ್ನ್ ಹಾಕಿದರೆ ತೆರಿಗೆಯಲ್ಲಿ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ, ಬ್ಯಾಂಕ್ ಸಾಲ ಕೇಳುವಾಗ ಆ ರಿಟರ್ನೇ ನಿಮ್ಮ ಸಾಕ್ಷಿ. ವರ್ಷದ ವಹಿವಾಟು 20 ಲಕ್ಷ ದಾಟುವ ಹಾದಿಯಲ್ಲಿದ್ದರೆ ಜಿಎಸ್‌ಟಿ ನೋಂದಣಿಗೆ ಲೆಕ್ಕಪತ್ರದವರನ್ನು ಮೊದಲೇ ಕಾಣಿ.

ಈಗ ಹುಡುಗರ ಮಾತು. ನೀವು ಇಲ್ಲದ ಹೊತ್ತಿನಲ್ಲಿ ಕೆಲಸ ನಿಮ್ಮ ಕೈಯಂತೆಯೇ ಆಗಬೇಕು. ದಿನವಿಡೀ ಕಾಯುವುದು ಆಗದ ಮಾತು, ಅದು ಬೇಕಾಗಿಯೂ ಇಲ್ಲ. ಮುಚ್ಚಿಹೋಗುವ ಮೊದಲು ನೋಡಿದರೆ ಸಾಕು. ವೈರಿಂಗಿನಲ್ಲಿ ಹಾಗೆ ನೋಡುವ ಹೊತ್ತು ಮೂರು. ಒಂದು, ಸ್ಲ್ಯಾಬಿಗೆ ಕಾಂಕ್ರೀಟು ಬೀಳುವ ಮೊದಲು: ಪೈಪಿನ ಜೋಡಣೆಗೆ ಗಮ್ ಹಚ್ಚಿದೆಯೇ, ಬಾಕ್ಸಿನ ಬಾಯಿ ಮುಚ್ಚಿದೆಯೇ, ಕಬ್ಬಿಣದ ನಡುವೆ ಪೈಪು ಚಪ್ಪಟೆಯಾಗಿದೆಯೇ. ಎರಡು, ಪ್ಲಾಸ್ಟರಿಗೆ ಮೊದಲು: ಚಿರೆಕಲ್ಲಿನ ಗೋಡೆ ಕೊರೆಯುವಾಗ ಅಂಚು ಉದುರಿ ಕೊರೆ ಅಗಲವಾಗುತ್ತದೆ, ಪೈಪು ಅಲುಗಾಡದಂತೆ ಸಿಮೆಂಟು ಹಿಡಿದಿದೆಯೇ, ಬಾಕ್ಸುಗಳು ಒಂದೇ ಮಟ್ಟದಲ್ಲಿವೆಯೇ. ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಟೇಪು ಹಿಡಿದು ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣುವ ಹಾಗೆ. ಮುಂದೆ ಬಡಗಿ ಮೊಳೆ ಹೊಡೆದು ವೈರು ಕತ್ತರಿಸಿದಾಗ, ಗಾರೆಯವರು ಬಾಕ್ಸು ಮುಚ್ಚಿಹಾಕಿದಾಗ ತಪ್ಪು ಯಾರದು ಎಂದು ತಿಳಿಯುವುದು, ಮತ್ತೆ ಮಾಡಿದ ಕೆಲಸಕ್ಕೆ ಬಿಲ್ಲು ಬರೆಯಲು ಆಗುವುದು ಈ ಫೋಟೋದಿಂದ.

ಮೂರನೆಯದು ವೈರು ಎಳೆದ ಮೇಲೆ, ಸ್ವಿಚ್ಚು ಕೂರಿಸುವ ಮೊದಲು. 500 ವೋಲ್ಟಿನ ಮೆಗ್ಗರ್ ಹಚ್ಚಿ ಪ್ರತಿ ಸರ್ಕ್ಯೂಟಿನ ಇನ್ಸುಲೇಷನ್ ನೋಡಿ. 1 ಮೆಗಾಓಮಿಗಿಂತ ಕಡಿಮೆ ಬರಬಾರದು, ಹೊಸ ವೈರು ಅದಕ್ಕಿಂತ ಎಷ್ಟೋ ಮೇಲೆ ತೋರಿಸಬೇಕು. ಗೋವೆಯಲ್ಲಿ ಜುಲೈ ತಿಂಗಳಲ್ಲಿ ಸ್ಲ್ಯಾಬಿನಿಂದ ಪೈಪಿನೊಳಗೆ ನೀರಿಳಿದು ರೀಡಿಂಗ್ ಬೀಳುವುದುಂಟು. ಒಂದೇ ಸರ್ಕ್ಯೂಟು ಬಿದ್ದಿದ್ದರೆ ಅಲ್ಲಿ ವೈರು ಸುಲಿದಿದೆಯೇ ಎಂದು ನೋಡಿ. ಮೇಲಿನ ಅಂತಸ್ತಿನ ಎಲ್ಲವೂ ಒಟ್ಟಿಗೆ ಬಿದ್ದಿದ್ದರೆ ನೀರಿನ ದಾರಿ ಹುಡುಕಿ. ಇದನ್ನು ಆಗ ಬಿಟ್ಟರೆ, ಮನೆಯವರು ಬಂದ ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ. ಯಾವನೋ ಬಂದು ಅದನ್ನೇ ತೆಗೆದುಹಾಕುತ್ತಾನೆ. ಆ ಮನೆಯ ಮಕ್ಕಳ ಜೀವಕ್ಕಿದ್ದ ಕಾವಲು ಅಲ್ಲಿಗೆ ಹೋಯಿತು. ಪ್ಲಂಬಿಂಗಿನಲ್ಲಿ ಈ ಜಾಗದಲ್ಲಿ ಇರುವುದು ಒತ್ತಡದ ಟೆಸ್ಟು: ಟೈಲ್ಸಿಗೆ ಬಿಟ್ಟುಕೊಡುವ ಮೊದಲು ಲೈನಿಗೆ ಪಂಪು ಹಚ್ಚಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿರಬಾರದು.

ಈ ಮೂರು ಹೊತ್ತಿನಲ್ಲಿ ನೋಡಿದ್ದನ್ನು ಕಾಗದದಲ್ಲಿ ಬರೆಯುವವನೇ ನಿಮ್ಮ ಸೈಟಿನ ಮೇಸ್ತ್ರಿ. ಅತಿ ಚುರುಕಾದ ಕೈ ಇರುವವನನ್ನೇ ಆ ಜಾಗಕ್ಕೆ ಹಾಕುವುದು ನಮ್ಮ ಅಭ್ಯಾಸ. ನನಗೆ ಅದು ಸರಿ ಕಾಣುವುದಿಲ್ಲ. ಕೆಟ್ಟ ರೀಡಿಂಗನ್ನು ಕೆಟ್ಟದ್ದೆಂದೇ ಬರೆಯುವ, ನಿಮಗೆ ಫೋನು ಮಾಡಿ ಇದು ಸರಿ ಬಂದಿಲ್ಲ ಅಣ್ಣಾ ಎನ್ನುವ ಧೈರ್ಯವಿರುವ ಹುಡುಗ ಬೇಕು. ಅವನಿಗೆ ದಿನಗೂಲಿಯ ಮೇಲೆ ತಿಂಗಳಿಗೆ ಇಷ್ಟು ಎಂದು ಹೆಚ್ಚಿಗೆ ಕೊಡಿ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡೈ ಕಡೆಯ ಪ್ಲಂಬರುಗಳು ದೇಶದ ತುಂಬ ಹೆಸರು ಮಾಡಿದ್ದಾರೆ, ಅಲ್ಲಿ ಪ್ಲಂಬಿಂಗಿಗೆಂದೇ ಸರ್ಕಾರಿ ಸಂಸ್ಥೆಯೂ ಇದೆ. ಊರಿನ ಹಿರಿಯನ ಕೈಕೆಳಗೆ ಕಿರಿಯ ಕಲಿತು, ಅವನೂ ಮುಂದೆ ತಂಡ ಕಟ್ಟುವ ದಾರಿ ಅವರದು. ನಮ್ಮಲ್ಲಿ ಕಲಿಸಿದರೆ ಬಿಟ್ಟುಹೋಗುತ್ತಾನೆ ಎಂದು ಡಿಬಿ ಕಟ್ಟುವುದನ್ನು ಯಾರಿಗೂ ತೋರಿಸದ ಹಿರಿಯರಿದ್ದಾರೆ. ಹಾಗಿದ್ದರೆ ಡಿಬಿ ಇರುವ ಪ್ರತಿ ಸೈಟಿಗೂ ನೀವೇ ಹೋಗಬೇಕು.

ದಿನಗಳ ಲೆಕ್ಕದಲ್ಲಿ ಊರನ್ನೂ ಸೇರಿಸಿ. ಜೂನಿನಲ್ಲಿ ಬಿತ್ತನೆಗೆ ಹುಡುಗರು ಹೋಗುತ್ತಾರೆ. ಅದೇ ಹೊತ್ತಿಗೆ ಗೋವೆಯಲ್ಲಿ ಹೊರಗಿನ ಕಟ್ಟಡದ ಕೆಲಸ ನಿಂತು ಒಳಗಿನ ಫಿಟ್ಟಿಂಗ್ ನಡೆಯುತ್ತದೆ. ಗಣೇಶ ಚೌತಿಗೆ ಮನೆ ಬೇಕು ಎನ್ನುವವರು, ಅಕ್ಟೋಬರಿನ ಪ್ರವಾಸಿ ಕಾಲಕ್ಕೆ ಕೋಣೆ ಬೇಕು ಎನ್ನುವ ಹೋಟೆಲಿನವರು ಒಟ್ಟಿಗೆ ಬೀಳುತ್ತಾರೆ. ಜನವರಿಯಲ್ಲಿ ಬನಶಂಕರಿ ಜಾತ್ರೆ ಬಂದರೆ ಬಾದಾಮಿ ಕಡೆಯವರು ಒಬ್ಬರೂ ಉಳಿಯುವುದಿಲ್ಲ. ಅವರನ್ನು ತಡೆಯಬೇಡಿ. ಯಾರು ಯಾವಾಗ ಹೋಗುತ್ತಾರೆ ಎಂದು ಒಂದು ತಿಂಗಳು ಮೊದಲೇ ಕೇಳಿ ಬರೆದುಕೊಂಡು, ಆ ವಾರಗಳಿಗೆ ಮಾಲೀಕನಿಗೆ ಮಾತು ಕೊಡಬೇಡಿ.

ಹುಡುಗ ಏಣಿಯಿಂದ ಬಿದ್ದರೆ, ಶಾಕ್ ಹೊಡೆದರೆ ಹೊಣೆ ನಿಮ್ಮದು. ಮಾತಿನ ಹೊಣೆಯಷ್ಟೇ ಅಲ್ಲ, ಕಾನೂನಿನದು. 1923ರ ಕಾಯ್ದೆಯಿಂದ ಬಂದ ಪರಿಹಾರದ ಸೂತ್ರದಲ್ಲಿ, 25 ವರ್ಷದ ಕೆಲಸಗಾರ ತೀರಿಕೊಂಡರೆ ತಿಂಗಳ ಪಗಾರದ ಅರ್ಧವನ್ನು 216.91ರಿಂದ ಗುಣಿಸುತ್ತಾರೆ. ಪಗಾರ 15,000 ಎಂದು ಹಿಡಿದರೂ 16 ಲಕ್ಷ ದಾಟುತ್ತದೆ. ನಮ್ಮಂಥವರ ಯಾವ ಸೈಟಿನ ಲಾಭವೂ ಅದನ್ನು ತಡೆಯಲಾರದು. ಕೆಲಸಗಾರರ ಪರಿಹಾರಕ್ಕೆಂದೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ಮೊದಲ ಹೆಲ್ಪರ್ ಸೇರಿದ ದಿನವೇ ತೆಗೆದುಕೊಳ್ಳಿ, ಪ್ರೀಮಿಯಮ್ಮನ್ನು ಸೈಟಿನ ಖರ್ಚಿನಲ್ಲಿ ಬರೆಯಿರಿ.

ಕೊನೆಯದಾಗಿ ಲೈಸೆನ್ಸು. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವೈರಿಂಗನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಕಂತ್ರಾಟುದಾರನೇ ಮಾಡಬೇಕು, ಪ್ರಮಾಣಪತ್ರ ಇರುವ ಸೂಪರ್‌ವೈಸರ್ ನೋಡಿಕೊಳ್ಳಬೇಕು, ಪರ್ಮಿಟ್ ಇರುವವನು ಕೈ ಹಚ್ಚಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಅನೇಕರು ಮನೆ ಪೂರ್ತಿ ತಾವೇ ಮಾಡಿ, ಕೊನೆಗೆ ಟೆಸ್ಟ್ ರಿಪೋರ್ಟಿನ ಸಹಿಗೆ ಇನ್ನೊಬ್ಬರಿಗೆ ದುಡ್ಡು ಕೊಡುತ್ತಾರೆ. ಆ ಮನೆಯನ್ನು ಅವನು ನೋಡಿರುವುದಿಲ್ಲ. ಕೆಲಸ ಮಾಡಿದವರು ನೀವು ಎಂಬುದಕ್ಕೆ ಕಾಗದದಲ್ಲಿ ಗುರುತೇ ಇರುವುದಿಲ್ಲ, ದೊಡ್ಡ ಬಿಲ್ಡರಿನ, ಸರ್ಕಾರದ ಕೆಲಸಕ್ಕೆ ಬೇಕಾದ ಅನುಭವದ ದಾಖಲೆ ಬೆಳೆಯುವುದು ಸಹಿ ಹಾಕಿದವನ ಹೆಸರಿನಲ್ಲಿ. ನೀರಿನ ಸಂಪರ್ಕದ ಕೆಲಸದಲ್ಲೂ ಪರವಾನಗಿ ಇರುವ ಪ್ಲಂಬರಿನ ಸಹಿಗೆ ಇದೇ ಗತಿ.

ನಿಮ್ಮಲ್ಲಿ ಎಷ್ಟೋ ಜನ ಊರಲ್ಲಿ ಐಟಿಐ ಮುಗಿಸಿ ಬಂದವರು. ರಾಷ್ಟ್ರೀಯ ಮಂಡಳಿಯ ಟ್ರೇಡ್ ಸರ್ಟಿಫಿಕೇಟು ಕರ್ನಾಟಕದ್ದಾದರೂ ದೇಶದೆಲ್ಲೆಡೆ ನಡೆಯುತ್ತದೆ. ಅದು ಊರಿನ ಟ್ರಂಕಿನಲ್ಲಿದ್ದರೆ ಮುಂದಿನ ಸಲ ಹೋದಾಗ ತನ್ನಿ. ಯಾರ ಬಳಿ ಎಷ್ಟು ವರ್ಷ ದುಡಿದಿರಿ ಎಂದು ಆ ಕಂತ್ರಾಟುದಾರರಿಂದ ಬರೆಸಿಕೊಳ್ಳಿ, ಅವರು ಊರು ಬಿಡುವ ಮೊದಲೇ. ಪರ್ಮಿಟಿಗೆ, ಆಮೇಲೆ ಸೂಪರ್‌ವೈಸರ್ ಪ್ರಮಾಣಪತ್ರಕ್ಕೆ ಏನೇನು ಬೇಕೆಂದು ಗೋವಾ ವಿದ್ಯುತ್ ಇಲಾಖೆಯಲ್ಲೇ ಕೇಳಿ, ಏಜೆಂಟರನ್ನು ಕೇಳಬೇಡಿ. ಓದದೆ ಕೆಲಸ ಕಲಿತವರು ಹತ್ತಿರದ ಫರ್ಮಾಗುಡಿ, ಮಾಪ್ಸಾ, ವಾಸ್ಕೋ, ಮಡಗಾವಿನ ಐಟಿಐಗೆ ಹೋಗಿ ತಮಗಿರುವ ದಾರಿ ಯಾವುದು ಎಂದು ವಿಚಾರಿಸಿ. ಈ ಸಲದ ಮಳೆಗಾಲದಲ್ಲಿಯೇ ಅರ್ಜಿ ಹಾಕಿ.

ನಿಮ್ಮ,
ಮಾಪ್ಸಾದ ಒಬ್ಬ ಹಿರಿಯ ಸಹೋದ್ಯೋಗಿ